ಗೇಮ್ ಸಬ್ಸ್‌ಕ್ರಿಪ್ಷನ್ ತೆಗೊಳ್ಳುದಾ ಬೇಡ್ವಾ? ಮೊದ್ಲು ನಿಮ್ಮ ಲೈಬ್ರರಿ ತೆಗ್ದು ನೋಡಿ

ನೀರ್ಚಾಲಿನಲ್ಲಿ ನನ್ನ ಚಿಕ್ಕಮ್ಮನ ಮಗ ಒಬ್ಬ ಇದ್ದಾನೆ, ಕಾಸರಗೋಡಲ್ಲಿ ಡಿಗ್ರಿ ಸೆಕೆಂಡ್ ಇಯರ್, ಗೇಮಿಂಗ್ ಲ್ಯಾಪ್‌ಟಾಪ್ ಉಂಟು, ಅಡಕೆ ತೋಟಕ್ಕೆ ಇಳಿ ಅಂದ್ರೆ ಅಸೈನ್‌ಮೆಂಟ್ ಉಂಟು ಅಂತಾನೆ. ಮಾರ್ಚಲ್ಲಿ ಒಂದು ದಿನ ವಾಟ್ಸಪ್ಪಲ್ಲಿ ಕೇಳಿದ, "ಅಣ್ಣಾ, ಪಿಸಿಯ ಗೇಮ್ ಸಬ್ಸ್‌ಕ್ರಿಪ್ಷನ್ ಒಂದು ವರ್ಷಕ್ಕೆ ತೆಗೊಳ್ಳುದಾ ಅಂತ, ನಾನು ವರ್ಷಕ್ಕೆ 430 ಗಂಟೆ ಆಡ್ತೇನೆ, ಲೆಕ್ಕ ಹಾಕಿದ್ರೆ ಗಂಟೆಗೆ 14 ರೂಪಾಯಿ ಸಹ ಬೀಳುದಿಲ್ಲ." ಸಬ್ಸ್‌ಕ್ರಿಪ್ಷನ್ ಅಂದ್ರೆ ದುಡ್ಡು ಕಟ್ಟಿದಷ್ಟು ದಿನ ಅವರ ಕ್ಯಾಟಲಾಗಿನ ಗೇಮ್ ಎಲ್ಲ ಆಡ್ಬಹುದು, ನಿಲ್ಲಿಸಿದ್ರೆ ಇಲ್ಲ. ಲೆಕ್ಕ ಕೇಳ್ಲಿಕ್ಕೆ ಚಂದ ಉಂಟು, ಅಮ್ಮನ ಹತ್ರ ದುಡ್ಡು ಕೇಳ್ಲಿಕ್ಕಂತೂ ಸರೀ ಆಗ್ತದೆ. ಆದ್ರೆ ಆ ಲೆಕ್ಕ ಬುಡದಿಂದಲೇ ತಪ್ಪು, ಯಾಕೆ ತಪ್ಪು ಅಂತ ನೋಡ್ಲಿಕ್ಕೆ ಆ ಆದಿತ್ಯವಾರ ಅವನ ಮನೆಗೇ ಹೋಗಿ ಕೂತೆ. ಇಲ್ಲಿ ಬರೆಯುದು ಆ ಮಧ್ಯಾಹ್ನ ಮಾಡಿದ ಕೆಲಸ. ನಿಮ್ಮ ಲೈಬ್ರರಿಗೂ ಅದನ್ನೇ ಮಾಡ್ಬಹುದು, ಅರ್ಧ ಗಂಟೆ ಸಾಕು.

ಬೆಲೆಗಳು ಆಗಾಗ ಬದಲಾಗ್ತವೆ. 2025ರ ಅಕ್ಟೋಬರಲ್ಲಿ ಮೈಕ್ರೋಸಾಫ್ಟಿನ ಸಬ್ಸ್‌ಕ್ರಿಪ್ಷನ್ ಎಕ್ಸ್‌ಬಾಕ್ಸ್ ಗೇಮ್ ಪಾಸ್ ಅಲ್ಟಿಮೇಟ್ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್ ಇದ್ದದ್ದು ಒಂದೇ ಸಲಕ್ಕೆ 29.99 ಆಯ್ತು, ಇಲ್ಲಿಯೂ ರೇಟ್ ಏರಿತು. ಹಾಗಾಗಿ ನಾನು ತಿಂಗಳಿಗೆ 500 ರೂಪಾಯಿ ಅಂತ ರೌಂಡ್ ನಂಬರ್ ಹಿಡಿತೇನೆ, ನೀವು ಇವತ್ತಿನ ರೇಟ್ ಹಾಕಿಕೊಳ್ಳಿ, ಲೆಕ್ಕದ ದಾರಿ ಅದೇ.

430 ಗಂಟೆಯಲ್ಲಿ ಸಬ್ಸ್‌ಕ್ರಿಪ್ಷನ್‌ಗೆ ಸಂಬಂಧ ಪಟ್ಟದ್ದು ಎಷ್ಟು

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್, ಅದರಲ್ಲಿ ತೆಗೊಂಡ ಗೇಮಿನ ಪಟ್ಟಿಯೇ ಲೈಬ್ರರಿ, ಅವನದ್ದನ್ನು ತೆರೆದೆವು. ಒಟ್ಟು 58 ಗೇಮ್, ಅದರಲ್ಲಿ 31 ಒಮ್ಮೆಯೂ ಓಪನ್ ಮಾಡಿದ್ದೇ ಇಲ್ಲ. ಸೇಲಲ್ಲಿ 80 ರೂಪಾಯಿ, 120 ರೂಪಾಯಿ ಅಂತ ಕಂಡದ್ದೆಲ್ಲ ತೆಗೊಂಡು ಇಟ್ಟದ್ದು, ಬದಿಯಡ್ಕ ಪೇಟೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಕೊಡೆ ಮೇಲೆ ಕೊಡೆ ತಂದ ಹಾಗೆ. ಅದು ಇರ್ಲಿ, ಅದಕ್ಕೆ ಮತ್ತೆ ಬರ್ತೇನೆ.

ವರ್ಷದ 430 ಗಂಟೆಯನ್ನು ಬಿಡಿಸಿ ನೋಡಿದ್ರೆ 290 ಗಂಟೆ ಕೌಂಟರ್ ಸ್ಟ್ರೈಕ್ 2. ಅದು ಫ್ರೀ ಗೇಮ್, ಪಿಸಿಯಲ್ಲಿ ಆನ್‌ಲೈನ್ ಆಡ್ಲಿಕ್ಕೂ ದುಡ್ಡಿಲ್ಲ, ಸಬ್ಸ್‌ಕ್ರಿಪ್ಷನ್ ಇದ್ರೂ ಇಲ್ಲದಿದ್ರೂ ಅವನು ಅದನ್ನು ಆಡಿಯೇ ಆಡ್ತಾನೆ. ಮತ್ತೆ 75 ಗಂಟೆ ಒಂದು ಫುಟ್ಬಾಲ್ ಗೇಮ್, ಅದನ್ನು ಮೊದಲೇ ಕೊಂಡದ್ದು. ಉಳಿದದ್ದು 65 ಗಂಟೆ. ಈ 65 ಗಂಟೆ ಮಾತ್ರ ಸಬ್ಸ್‌ಕ್ರಿಪ್ಷನ್ ಬಂದ್ರೆ ಆಚೀಚೆ ಆಗುವ ಗಂಟೆ. ವರ್ಷಕ್ಕೆ 6,000 ಕೊಟ್ರೆ ಗಂಟೆಗೆ 92 ರೂಪಾಯಿ, 14 ಅಲ್ಲ. ಅವನು "ಹೌದಾ?" ಅಂತ ಹೇಳಿ ಕ್ಯಾಲ್ಕುಲೇಟರ್ ತೆಗ್ದು ತಾನೇ ಒತ್ತಿ ನೋಡಿದ.

ಹೆಚ್ಚಿನವರು ತಪ್ಪುದು ಇಲ್ಲೇ. ದಿನಾ ಮೂರು ಗಂಟೆ ಆಡುವವ ಅಂದ ಕೂಡಲೆ ಸಬ್ಸ್‌ಕ್ರಿಪ್ಷನ್ ಲಾಭ ಅಂತ ಅಲ್ಲ, ಒಂದೇ ಗೇಮನ್ನು ದಿನಾ ಮೂರು ಗಂಟೆ ಆಡುವವನಿಗೆ ಅದು ಅತ್ಯಂತ ದಂಡ. ಬಿಜಿಎಂಐ, ವ್ಯಾಲರಂಟ್, ಸಿಎಸ್, ರಾಕೆಟ್ ಲೀಗ್ ಇಂಥದ್ದರಲ್ಲೇ ಮುಳುಗಿದವರು ಇದನ್ನು ಇಲ್ಲಿಗೇ ನಿಲ್ಲಿಸಿ ಹೋಗ್ಬಹುದು, ನಿಮಗೆ ಬೇಡ. ಕಮ್ಮಿ ಗಂಟೆ ಆಡಿದ್ರೂ ತಿಂಗಳಿಗೊಂದು ಕಥೆ ಇರುವ ಗೇಮ್ ಮುಗಿಸಿ ಇನ್ನೊಂದಕ್ಕೆ ಹೋಗುವವನಿಗೆ ಅದು ಚೆನ್ನಾಗಿ ಆಗ್ತದೆ.

ಆಡಿದ್ದು ಯಾವಾಗ ಅಂತಲೂ ನೋಡ್ಬೇಕು

ಆ 65 ಗಂಟೆಯಲ್ಲಿ ಐದು ಗೇಮ್ ಇತ್ತು. ಒಂದು 28 ಗಂಟೆ ಆಡಿ ಪೂರ್ತಿ ಮುಗಿಸಿದ್ದು, ಇನ್ನೊಂದು 22 ಗಂಟೆ ಆಡಿ ಅರ್ಧಕ್ಕೆ ಬಿಟ್ಟದ್ದು, ಬೇರೆ ಮೂರು ಸೇರಿ 15 ಗಂಟೆ, ಸ್ವಲ್ಪ ಸ್ವಲ್ಪ ರುಚಿ ನೋಡಿ ಬಿಟ್ಟದ್ದು. ಸ್ಟೀಮಲ್ಲಿ ಒಂದು ಒಳ್ಳೆ ಉಪಾಯ ಉಂಟು, ಆಟದಲ್ಲಿ ಒಂದೊಂದು ಹಂತ ದಾಟಿದಾಗ ಅಚೀವ್‌ಮೆಂಟ್ ಅಂತ ಬಿರುದು ಸಿಗ್ತದೆ, ಗೇಮಿನ ಅಚೀವ್‌ಮೆಂಟ್ ಪುಟಕ್ಕೆ ಹೋದ್ರೆ ಪ್ರತಿಯೊಂದು ಅಚೀವ್‌ಮೆಂಟ್ ಯಾವ ದಿನ ಎಷ್ಟು ಗಂಟೆಗೆ ಸಿಕ್ಕಿತು ಅಂತ ಬರೆದಿರ್ತದೆ. ನಾನು ಅದನ್ನು ಒಂದೊಂದೇ ಓದ್ತಾ ಹೋದೆ. 28 ಗಂಟೆಯ ಗೇಮ್ ಪೂರ್ತಿ ಏಪ್ರಿಲ್ ಕೊನೆಯಿಂದ ಮೇ ಮಧ್ಯದ ಒಳಗೆ. 22 ಗಂಟೆಯದ್ದು ಓಣಂ ರಜೆಯಲ್ಲಿ ಶುರು, ರಜೆ ಮುಗಿದ ಮರುವಾರ ನಿಂತದ್ದು. ಜೂನ್, ಜುಲೈ, ನವೆಂಬರ್, ಜನವರಿ, ಫೆಬ್ರವರಿ ಎಲ್ಲ ಖಾಲಿ, ಆಗ ಸಿಎಸ್ ಮಾತ್ರ. ಒಂದು ಅಚೀವ್‌ಮೆಂಟ್ ರಾತ್ರಿ 2:40ಕ್ಕೆ ಸಿಕ್ಕಿದ್ದು ಇತ್ತು, ಮರುದಿನ ಇಂಟರ್ನಲ್ ಪರೀಕ್ಷೆ, ಅದನ್ನು ಚಿಕ್ಕಮ್ಮನಿಗೆ ನಾನು ಹೇಳ್ಲಿಲ್ಲ.

ಅಂದ್ರೆ ಇವನು ವರ್ಷದಲ್ಲಿ ಹೊಸ ಗೇಮ್ ಆಡುದು ಸುಮಾರು ಎರಡು ತಿಂಗಳು. ಬಾಕಿ ಹತ್ತು ತಿಂಗಳು ಸಬ್ಸ್‌ಕ್ರಿಪ್ಷನ್ ಇದ್ರೆ ಅದು ಮಳೆಗಾಲದಲ್ಲಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟ ಹಾಗೆ. ಕೆಲಸಕ್ಕೆ ಹೋಗುವವರಿಗೆ ಇದು ಬೇರೆ ಥರ ಇರ್ಬಹುದು, ವಾರದ ಕೊನೆ ಮಾತ್ರ ಆಡಿದ್ರೂ ವರ್ಷ ಪೂರ್ತಿ ಒಂದೇ ಹದದಲ್ಲಿ ಆಡುವವರು ಇರ್ತಾರೆ. ನಿಮ್ಮ ಅಚೀವ್‌ಮೆಂಟ್ ತಾರೀಕು ನೋಡದೆ "ನಾನು ಹಾಗೆ ಆಡ್ತೇನೆ" ಅಂತ ನಂಬ್ಬೇಡಿ, ನಮ್ಮ ನೆನಪು ನಮಗೇ ಸುಳ್ಳು ಹೇಳ್ತದೆ.

ಕ್ಯಾಟಲಾಗಲ್ಲಿ ನೂರಾರು ಗೇಮ್ ಉಂಟು, ನಿಮಗೆ ಬೇಕಾದ್ದು ಎಷ್ಟು

ಅವನ ವಿಶ್‌ಲಿಸ್ಟಲ್ಲಿ ನಿಜವಾಗಿ ಆಡ್ಬೇಕು ಅಂತ ಇದ್ದದ್ದು ಏಳು ಗೇಮ್. ಸರ್ವಿಸಿನ ಕ್ಯಾಟಲಾಗನ್ನು ದುಡ್ಡು ಕಟ್ಟುವ ಮೊದಲೇ ನೋಡ್ಲಿಕ್ಕೆ ಆಗ್ತದೆ, ಒಂದೊಂದೇ ಹೆಸರು ಹುಡುಕಿದೆವು. ಏಳರಲ್ಲಿ ನಾಲ್ಕು ಇತ್ತು. ಅವನಿಗೆ ಖುಷಿ. ಆದ್ರೆ ಆ ನಾಲ್ಕರಲ್ಲಿ ಒಂದನ್ನು ಅವನು ಎಪಿಕ್ ಗೇಮ್ಸ್ ಸ್ಟೋರಿಂದ ಫ್ರೀಯಾಗಿ ಮೊದಲೇ ಕ್ಲೇಮ್ ಮಾಡಿ ಮರೆತುಬಿಟ್ಟಿದ್ದ. ಎಪಿಕ್‌ನವರು ಗುರುವಾರ ಗುರುವಾರ ಫ್ರೀ ಗೇಮ್ ಕೊಡ್ತಾರೆ, ಆ ವಾರದೊಳಗೆ ಕ್ಲೇಮ್ ಮಾಡಿದ್ರೆ ಮತ್ತೆ ಅದು ನಮ್ಮ ಅಕೌಂಟಲ್ಲೇ ಉಳೀತದೆ. ಹಾಗಾಗಿ ಸ್ಟೀಮ್ ಒಂದೇ ಅಲ್ಲ, ಎಲ್ಲ ಅಕೌಂಟೂ ತೆಗ್ದು ನೋಡಿ. ಲೆಕ್ಕಕ್ಕೆ ಉಳಿದದ್ದು ಮೂರು.

ಮೊದಲನೆಯದ್ದು ಹೊಸ ಕಥೆಯ ಗೇಮ್, ಸುಮಾರು 30 ಗಂಟೆಯದ್ದು, ಸೇಲಲ್ಲಿ ಸಹ 1,800ಕ್ಕಿಂತ ಕೆಳಗೆ ಬರ್ಲಿಲ್ಲ. ಎರಡನೆಯದ್ದು ಸಣ್ಣ ಇಂಡೀ ಗೇಮ್, 12 ಗಂಟೆ, ಸೇಲಲ್ಲಿ 500. ಮೂರನೆಯದ್ದು ಒಂದು ಕಾರ್ ರೇಸಿಂಗ್, ಸೇಲಲ್ಲಿ 900. ಇಲ್ಲಿ ಗಮನ ಇಡ್ಬೇಕಾದ್ದು, ನಾನು ಹಾಕಿದ್ದು ಸೇಲಿನ ಬೆಲೆ. ಪೂರ್ತಿ ಬೆಲೆ ಹಾಕಿದ್ರೆ ಸಬ್ಸ್‌ಕ್ರಿಪ್ಷನ್ ಯಾವಾಗಲೂ ಗೆಲ್ತದೆ, ಜಾಹೀರಾತಿನವರು ಅದನ್ನೇ ಮಾಡುದು. ಆದ್ರೆ ಇವನು ಈವರೆಗೆ ಒಂದೇ ಒಂದು ಗೇಮಿಗೂ ಪೂರ್ತಿ ಬೆಲೆ ಕೊಟ್ಟವ ಅಲ್ಲ, ಕೊಡುವವನೂ ಅಲ್ಲ. ನೀವು ಬಂದ ದಿನವೇ ಬೇಕು ಅಂತ ಕೊಳ್ಳುವ ಜಾತಿ ಆದ್ರೆ ಪೂರ್ತಿ ಬೆಲೆಯನ್ನೇ ಹಾಕಿ, ಆಗ ಲೆಕ್ಕ ಪೂರಾ ತಿರುಗ್ತದೆ. ಉದಾಹರಣೆಗೆ ಕ್ಲೇರ್ ಅಬ್ಸ್‌ಕ್ಯೂರ್ 2025ರ ಏಪ್ರಿಲ್ 24ಕ್ಕೆ ರಿಲೀಸ್ ಆದ ದಿನವೇ ಗೇಮ್ ಪಾಸಲ್ಲಿ ಇತ್ತು, ಅವತ್ತೇ ಆಡ್ಬೇಕು ಅಂತ ಇದ್ದವರಿಗೆ ಒಂದು ತಿಂಗಳ ದುಡ್ಡಲ್ಲಿ ಕೆಲಸ ಆಯ್ತು.

ಮೂರನ್ನೂ ಸೇಲಲ್ಲಿ ಕೊಂಡ್ರೆ 3,200. ವರ್ಷದ ಸಬ್ಸ್‌ಕ್ರಿಪ್ಷನ್ 6,000. ಅಲ್ಲಿಗೆ ವರ್ಷದ್ದು ಬಿದ್ದುಹೋಯ್ತು. ಆದ್ರೆ ರಜೆಯ ಎರಡು ತಿಂಗಳಿಗೆ ಮಾತ್ರ ತೆಗೊಂಡ್ರೆ 1,000, ಅದರಲ್ಲಿ ಮೊದಲಿನ ಎರಡು ಗೇಮ್ ಸೇರಿ 42 ಗಂಟೆ, ರಜೆಯಲ್ಲಿ ದಿನಕ್ಕೆ ಎರಡು ಗಂಟೆ ಆಡಿದ್ರೂ ಮುಗೀತದೆ. ಅದನ್ನು ಕೊಂಡಿದ್ರೆ 2,300 ಆಗ್ತಿತ್ತು. ಕಾರಿನ ಗೇಮ್ ಮಾತ್ರ 900 ಕೊಟ್ಟು ಕೊಳ್ಳುದೇ ಒಳ್ಳೆದು ಅಂತ ನಾನು ಹೇಳಿದೆ. ಕಥೆಯ ಗೇಮ್ ಒಮ್ಮೆ ಮುಗಿದ್ರೆ ಮುಗೀತು, ರೇಸಿಂಗ್ ಹಾಗಲ್ಲ, ನಾಲ್ಕು ತಿಂಗಳ ನಂತರ ಮಳೆ ಬರುವ ಸಂಜೆ ಅರ್ಧ ಗಂಟೆ ಓಡಿಸುವಾ ಅಂತ ಆಗ್ತದೆ, ಆಗ ಸಬ್ಸ್‌ಕ್ರಿಪ್ಷನ್ ಇಲ್ಲದಿದ್ರೆ ಬಾಗಿಲು ಬಂದ್. ಹೀಗೆ ಒಟ್ಟು 1,900.

ಇಂಥ ಮಿಶ್ರ ಲೆಕ್ಕವೇ ಹೆಚ್ಚಿನವರಿಗೆ ಸರಿ ಬರುದು. ಒಮ್ಮೆ ಆಡಿ ಬಿಡುವಂಥದ್ದನ್ನು ಬಾಡಿಗೆಗೆ, ಮತ್ತೆ ಮತ್ತೆ ಆಡುವಂಥದ್ದನ್ನು ಸ್ವಂತಕ್ಕೆ.

ಹೊರಟುಹೋಗುವ ಗೇಮು, ಉಳಿಯದ ಸೇವ್

ಕ್ಯಾಟಲಾಗಲ್ಲಿ ಇವತ್ತು ಇದ್ದದ್ದು ನಾಳೆ ಇರ್ತದೆ ಅಂತ ಇಲ್ಲ. ಜಿಟಿಎ 5 ಗೇಮ್ ಪಾಸಿಗೆ 2020ರಿಂದ ಎಷ್ಟು ಸಲ ಬಂದು ಎಷ್ಟು ಸಲ ಹೋಯ್ತು ಅಂತ ಹೇಳಿದ್ರೆ ನೆಂಟರ ಮನೆ ಕಥೆ ಆಗ್ತದೆ. ಬೇರೆ ಕಂಪೆನಿಯ ಗೇಮ್ ಹೋಗುದು ಹೋಗ್ಲಿ, ಮೈಕ್ರೋಸಾಫ್ಟ್ ತನ್ನದೇ ಫೋರ್ಜಾ ಹೊರೈಜನ್ 4ನ್ನು 2024ರ ಡಿಸೆಂಬರ್ 15ಕ್ಕೆ ಮಾರಾಟದಿಂದಲೂ ಗೇಮ್ ಪಾಸಿಂದಲೂ ತೆಗೀತು, ಯಾಕಂದ್ರೆ ಕಾರು, ಹಾಡು ಇತ್ಯಾದಿಗಳ ಲೈಸೆನ್ಸ್ ಮುಗೀತದೆ. ಕೊಂಡು ಇಟ್ಟವರು ಈಗಲೂ ಡೌನ್‌ಲೋಡ್ ಮಾಡಿ ಆಡ್ಬಹುದು. ನನ್ನ ತಮ್ಮನಿಗೆ ರೇಸಿಂಗ್ ಗೇಮ್ ಕೊಳ್ಳು ಅಂತ ಹೇಳ್ಲಿಕ್ಕೆ ಇದು ಸಹ ಒಂದು ಕಾರಣ.

ತೆಗೆಯುವ ಮೊದಲು ಸಾಮಾನ್ಯ ಎರಡು ವಾರದ ಮುಂಚೆ "ಲೀವಿಂಗ್ ಸೂನ್" ಅಂತ ಪಟ್ಟಿ ಬರ್ತದೆ. ದೊಡ್ಡ ಗೇಮ್ ಶುರು ಮಾಡುವ ಮೊದಲು ಆ ಪಟ್ಟಿ ನೋಡ್ಲೇಬೇಕು. ನಾನು ನೋಡ್ಲಿಲ್ಲ. ಕೆಲವು ವರ್ಷದ ಹಿಂದೆ ಒಂದು ಸರ್ವಿಸಲ್ಲಿ 18 ಗಂಟೆ ಆಡಿದ ಗೇಮ್ ಹೋಗಿಬಿಟ್ಟಿತು, ಪರವಾಗಿಲ್ಲ ಅಂತ ಬೇರೆ ಸ್ಟೋರಲ್ಲಿ ಸೇಲಿಗೆ ಕೊಂಡೆ, ಇನ್‌ಸ್ಟಾಲ್ ಮಾಡಿದೆ, ಓಪನ್ ಮಾಡಿದ್ರೆ "ನ್ಯೂ ಗೇಮ್" ಒಂದೇ ಬಟನ್. ಕಂಟಿನ್ಯೂ ಇಲ್ಲವೇ ಇಲ್ಲ. ಪಿಸಿಯಲ್ಲಿ ಒಂದು ಸ್ಟೋರಿನ ಸೇವ್ ಇನ್ನೊಂದು ಸ್ಟೋರಿನ ಕಾಪಿಗೆ ತಾನಾಗಿ ಹೋಗುದಿಲ್ಲ, ಗೇಮ್ ಮಾಡಿದವರು ತಮ್ಮದೇ ಅಕೌಂಟ್ ಮೂಲಕ ಕ್ರಾಸ್ ಸೇವ್ ಕೊಟ್ಟಿದ್ರೆ ಮಾತ್ರ ಬರ್ತದೆ. ಅದು ನನಗೆ ಆಗ ಗೊತ್ತಿರ್ಲಿಲ್ಲ, ಪುನಃ 18 ಗಂಟೆ ಆಡುವ ತಾಳ್ಮೆಯೂ ಇರ್ಲಿಲ್ಲ, ಆ ಗೇಮ್ ಈಗ ನನ್ನ ಲೈಬ್ರರಿಯಲ್ಲಿ ಧೂಳು ತಿಂತಾ ಉಂಟು. ಆಡಿ ಇಷ್ಟ ಆದ್ರೆ ಕೊಳ್ಳುವ ಅಂತ ಪ್ಲಾನ್ ಇದ್ದವರು ಅದೇ ಸರ್ವಿಸಿನ ಸ್ಟೋರಲ್ಲಿ ಕೊಳ್ಳಿ, ಸೇವ್ ಉಳೀತದೆ, ಮೆಂಬರಿಗೆ ಸ್ವಲ್ಪ ಡಿಸ್ಕೌಂಟ್ ಸಹ ಸಿಗ್ತದೆ.

ಡಿಎಲ್‌ಸಿ, ಅಂದ್ರೆ ಗೇಮಿಗೆ ಮತ್ತೆ ಸೇರಿಸುವ ಹೆಚ್ಚಿನ ಭಾಗ, ಅದರ ವಿಷಯ ಸಹ ಹಾಗೇ. ಸಬ್ಸ್‌ಕ್ರಿಪ್ಷನಲ್ಲಿ ಸಿಗುದು ಹೆಚ್ಚಾಗಿ ಬೇಸ್ ಗೇಮ್ ಮಾತ್ರ. ಡಿಎಲ್‌ಸಿಗೆ ಬೇರೆ ದುಡ್ಡು ಕೊಟ್ಟು ಕೊಂಡಿರಿ ಅಂತ ಇಟ್ಟುಕೊಳ್ಳಿ, ಬೇಸ್ ಗೇಮ್ ಕ್ಯಾಟಲಾಗಿಂದ ಹೋದ ದಿನ ಆ ಡಿಎಲ್‌ಸಿ ಕೈಯಲ್ಲಿದ್ದೂ ಇಲ್ಲದ ಹಾಗೆ.

ನಮ್ಮ ಊರಿನ ನೆಟ್ಟು, ಕರೆಂಟು

ಇದನ್ನು ಬೆಂಗಳೂರಿನವರು ಬರೆದದ್ದರಲ್ಲಿ ಕಾಣುದಿಲ್ಲ. ಈಗಿನ ದೊಡ್ಡ ಗೇಮ್ ಒಂದು 100 ಜಿಬಿ ಇರುದು ಮಾಮೂಲು. ಮನೆಗೆ 50 ಎಂಬಿಪಿಎಸ್ ಫೈಬರ್ ಇದ್ರೆ ಲೆಕ್ಕದಲ್ಲಿ ನಾಲ್ಕೂವರೆ ಗಂಟೆ, ನಮ್ಮ ಕಡೆ ಮಧ್ಯ ಎರಡು ಸಲ ಕರೆಂಟ್ ಹೋಗಿ ಬಂದು ರಾತ್ರಿ ಒಂದು ಪೂರ್ತಿ ಬೇಕು. ಫೈಬರ್ ಇಲ್ಲದೆ ಮೊಬೈಲ್ ಹಾಟ್‌ಸ್ಪಾಟಲ್ಲಿ ದಿನಕ್ಕೆ 2 ಜಿಬಿ ಪ್ಯಾಕ್ ಇರುವವರು ಲೆಕ್ಕ ಹಾಕಿ, 100 ಜಿಬಿಗೆ 50 ದಿನ. ಗೇಮ್ ಇಳಿಯುವ ಮೊದಲೇ ತಿಂಗಳ ಸಬ್ಸ್‌ಕ್ರಿಪ್ಷನ್ ಮುಗಿದು ಇನ್ನೊಂದಕ್ಕೆ ದುಡ್ಡು ಕಟ್ ಆಗಿರ್ತದೆ! ಹಾಟ್‌ಸ್ಪಾಟಿನವರಿಗೆ ಸಣ್ಣ ಗೇಮ್ ಕೊಂಡು ಇಟ್ಟುಕೊಳ್ಳುದೇ ದಾರಿ.

ಇನ್ನೊಂದು ಡಿಸ್ಕ್. ಇವನ ಲ್ಯಾಪ್‌ಟಾಪಲ್ಲಿ 512 ಜಿಬಿ ಎಸ್ಎಸ್‌ಡಿ, ಖಾಲಿ ಇದ್ದದ್ದು 140. ಅಂದ್ರೆ ದೊಡ್ಡದ್ದು ಒಂದು ಸಲಕ್ಕೆ ಒಂದೇ. ನೂರಾರು ಗೇಮಿನ ಕ್ಯಾಟಲಾಗಲ್ಲಿ ಸುತ್ತಾಡುವ ಸುಖ ಇವನಿಗೆ ಇಲ್ಲವೇ ಇಲ್ಲ, ಒಂದನ್ನು ಅಳಿಸಿ ಇನ್ನೊಂದು ಇಳಿಸ್ಬೇಕು. ತುಲಾ ತಿಂಗಳ ಸಿಡಿಲಿಗೆ ಮೋಡೆಮ್ ಪ್ಲಗ್ ತೆಗೆದಿಡುವ ಮನೆಯಲ್ಲಿ ಇಳಿಸ್ಲಿಕ್ಕೆ ಬಿಡುದು ಬೆಳಿಗ್ಗೆಯೇ ಆಗ್ಬೇಕು, ಸಂಜೆ ಅಲ್ಲ.

ಬೇರೆ ಇಬ್ಬರ ಕಥೆ

ಮಂಜೇಶ್ವರದಲ್ಲಿ ನನ್ನ ಒಬ್ಬ ದೋಸ್ತಿ ಪ್ಲೇಸ್ಟೇಷನ್ ಇಟ್ಟುಕೊಂಡಿದ್ದಾನೆ, ಶಾರ್ಜಾದಲ್ಲಿರುವ ತನ್ನ ಅಣ್ಣನ ಜೊತೆ ಶುಕ್ರವಾರ ರಾತ್ರಿ ಫುಟ್ಬಾಲ್ ಆಡುದು ಅವನ ವಾರದ ಹಬ್ಬ. ಅವನಿಗೆ ಲೈಬ್ರರಿ ಲೆಕ್ಕವೇ ಬೇಡ. ಪ್ಲೇಸ್ಟೇಷನಲ್ಲಿ ದುಡ್ಡು ಕೊಟ್ಟು ಕೊಂಡ ಗೇಮನ್ನು ಆನ್‌ಲೈನ್ ಆಡ್ಲಿಕ್ಕೆ ಅದರದ್ದೇ ಸಬ್ಸ್‌ಕ್ರಿಪ್ಷನ್ ಪಿಎಸ್ ಪ್ಲಸ್ ಬೇಕೇ ಬೇಕು, ಫ್ರೀ ಗೇಮಿಗೆ ಬೇಡ. ಹಾಗಾಗಿ ಅವನ ಎಸೆನ್ಶಿಯಲ್ ಪ್ಲಾನ್ ಅಂದ್ರೆ ಟೋಲ್ ಗೇಟಿನ ದುಡ್ಡು, ಜೊತೆಗೆ ತಿಂಗಳು ತಿಂಗಳು ಕೊಡುವ ಗೇಮ್ ಬೋನಸ್. ಆ ಬೋನಸನ್ನು ಆಯಾ ತಿಂಗಳೇ ಲೈಬ್ರರಿಗೆ ಸೇರಿಸ್ಬೇಕು, ಸೇರಿಸಿದ್ದು ಪ್ಲಾನ್ ಇರುವಷ್ಟು ದಿನ ಆಡ್ಬಹುದು, ಬಿಟ್ಟು ಪುನಃ ತೆಗೊಂಡ್ರೆ ವಾಪಸ್ ಬರ್ತದೆ. ಮೇಲಿನ ಎಕ್ಸ್‌ಟ್ರಾ, ಡಿಲಕ್ಸ್ ಪ್ಲಾನುಗಳಲ್ಲಿ ದೊಡ್ಡ ಕ್ಯಾಟಲಾಗ್ ಸೇರ್ತದೆ. ನಮ್ಮ ದೇಶದಲ್ಲಿ ಮೇಲಿನದ್ದರ ಹೆಸರು ಪ್ರೀಮಿಯಂ ಅಲ್ಲ, ಡಿಲಕ್ಸ್. ಫುಟ್ಬಾಲ್ ಒಂದೇ ಆಡುವವನಿಗೆ ಅದು ಎಂತಕ್ಕೆ? ಒಂದು ಸೇಲಲ್ಲಿ ಅವನು ಡಿಲಕ್ಸಿಗೆ ಏರಿದ, ವರ್ಷದಲ್ಲಿ ಆ ಕ್ಯಾಟಲಾಗಿಂದ ಆಡಿದ್ದು ಎರಡು ಗೇಮ್, ಎರಡನ್ನೂ ಮುಗಿಸ್ಲಿಲ್ಲ. ಈಗ ಪುನಃ ಕೆಳಗೆ ಇಳಿದಿದ್ದಾನೆ.

ಇನ್ನೊಬ್ಬ ನನ್ನ ಅಕ್ಕನ ಮಗ, ಹತ್ತು ವರ್ಷ. ಅವನು ಒಂದು ಗೇಮನ್ನು 20 ನಿಮಿಷ ಆಡ್ತಾನೆ, ಇನ್ನೊಂದು ಬೇಕು ಅಂತಾನೆ. ರಜೆಯ ಒಂದು ವಾರದಲ್ಲಿ ಹತ್ತು ಗೇಮ್ ಮುಟ್ಟಿ ನೋಡಿದ. ಇಂಥವರಿಗೆ ಸಬ್ಸ್‌ಕ್ರಿಪ್ಷನ್ ನಿಜವಾಗಿ ಲಾಭ, ಹತ್ತು ಗೇಮ್ ಕೊಂಡು ಒಂಬತ್ತು ಬಿಸಾಡುದಕ್ಕಿಂತ ಎಷ್ಟೋ ವಾಸಿ. ದೊಡ್ಡವರಲ್ಲಿ ರುಚಿ ನೋಡುವ ಜಾತಿಗೆ ಬೇರೆ ದಾರಿಯೂ ಉಂಟು. ಸ್ಟೀಮಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ರೀಫಂಡ್ ಕೇಳ್ಬಹುದು, ಅದನ್ನು ದಿನಾ ಮಾಡ್ಲಿಕ್ಕೆ ಹೋಗ್ಬೇಡಿ ಅಷ್ಟೇ. ತಮ್ಮನ ಆ ಮೂರು ಅರ್ಧಂಬರ್ಧ ಗೇಮಿನಲ್ಲಿ ಒಂದನ್ನಂತೂ ಹೀಗೆ ವಾಪಸ್ ಕೊಡ್ಬಹುದಿತ್ತು, 1 ಗಂಟೆ 50 ನಿಮಿಷಕ್ಕೆ ನಿಲ್ಲಿಸಿದ್ದ, ಆದ್ರೆ ಒಂದು ತಿಂಗಳು ಸುಮ್ಮನೆ ಕೂತಿದ್ದ.

ಆಟೋಪೇ

ತಿಂಗಳ ಲೆಕ್ಕದಲ್ಲಿ ತೆಗೊಳ್ಳುವವರು ಸೋಲುದು ಇಲ್ಲಿ ಮಾತ್ರ. ದುಡ್ಡು ಕಟ್ಟಿದ ಐದು ನಿಮಿಷದಲ್ಲಿ ಅಕೌಂಟ್ ಸೆಟ್ಟಿಂಗಿಗೆ ಹೋಗಿ ರಿಕರಿಂಗ್ ಬಿಲ್ಲಿಂಗ್ ಆಫ್ ಮಾಡಿ. ಆಫ್ ಮಾಡಿದ್ರೆ ಆ ಕ್ಷಣವೇ ಗೇಮ್ ನಿಲ್ಲುದಿಲ್ಲ, ಕಟ್ಟಿದ ತಿಂಗಳು ಪೂರ್ತಿ ನಡೀತದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ದುಡ್ಡು ಕಟ್ ಆಗುವ 24 ಗಂಟೆ ಮೊದಲು ಮೆಸೇಜ್ ಬರ್ಬೇಕು, ಬರ್ತದೆ ಸಹ, ಆದ್ರೆ ಲೋನ್ ಬೇಕಾ ಅಂತ ಕೇಳುವ ಇಪ್ಪತ್ತು ಮೆಸೇಜಿನ ನಡುವೆ ಅದನ್ನು ಯಾರು ನೋಡ್ತಾರೆ. ಯುಪಿಐಯಲ್ಲಿ ಕಟ್ಟಿದ್ರೆ ನಿಮ್ಮ ಆ್ಯಪಿನ ಆಟೋಪೇ ಪಟ್ಟಿಯಲ್ಲಿ ಸಹ ಅದು ಕಾಣ್ತದೆ, ಅಲ್ಲಿ ಒಮ್ಮೆ ಇಣುಕಿ ನೋಡಿ.

ತಮ್ಮ ಪರೀಕ್ಷೆ ಮುಗಿದ ಮರುದಿನ ಒಂದು ತಿಂಗಳಿಗೆ ತೆಗೊಂಡ, ನನ್ನೆದುರೇ ರಿಕರಿಂಗ್ ಆಫ್ ಮಾಡಿಸಿದೆ, ಎರಡನೆ ತಿಂಗಳು ಬೇಕಾದ್ರೆ ಆಗ ನೋಡುವ ಅಂತ. 26ನೇ ದಿನ ಅವನ ಮೆಸೇಜ್ ಬಂತು: "ದೊಡ್ಡದ್ದು ಮುಗೀತು ಅಣ್ಣಾ, 33 ಗಂಟೆ. ಇಂಡೀ ಗೇಮ್ ಎರಡು ಗಂಟೆ ಆಡಿದೆ, ಬೋರು. ಇವತ್ತು ರಾತ್ರಿ ಸಿಎಸ್‌ಗೆ ಬಾ, ಒಬ್ಬ ಕಮ್ಮಿ ಉಂಟು." ಎರಡನೆ ತಿಂಗಳು ತೆಗೊಳ್ಳಲಿಲ್ಲ. ಕಾರಿನ ಗೇಮ್ ವಿಶ್‌ಲಿಸ್ಟಲ್ಲಿ ಉಂಟು, ಜೂನಿನ ಸೇಲಿಗೆ ಕಾಯ್ತಾ ಇದ್ದಾನೆ, ಮತ್ತೆ ಓಪನ್ ಮಾಡದ ಆ 31 ಗೇಮಲ್ಲಿ ಮೂರನ್ನು ಇನ್‌ಸ್ಟಾಲ್ ಮಾಡಿದ್ದಾನೆ ಅಂತೆ, ಆಡಿದ್ದಾನಾ ಅಂತ ನಾನು ಕೇಳ್ಲಿಲ್ಲ.